ಯಾರ ಮಾತ್ರೆ ಇದು? ಸ್ಟ್ರಿಪ್ ತಿರುವಿ ನೋಡಿ

ಮನೆಯ ಲ್ಯಾಬ್ರಡಾರ್‌ಗೆ ವಯಸ್ಸಾಗಿದೆ. ಕೀಲುನೋವಿಗೆಂದು ಪಶುವೈದ್ಯರು ಕಾರ್ಪ್ರೊಫೆನ್ 100 ಮಿ.ಗ್ರಾಂ ಮಾತ್ರೆ ಬರೆದುಕೊಟ್ಟಿದ್ದಾರೆ. ಅದೇ ಮನೆಯ ಅಜ್ಜಿಗೆ ಮಂಡಿನೋವು. ಔಷಧದ ಡಬ್ಬಿಯಲ್ಲಿ ಸಿಕ್ಕ ಅರ್ಧ ಸ್ಟ್ರಿಪ್‌ನ ಫೋಟೊ ತೆಗೆದು ಊರಾಚೆಯ ಮಗನಿಗೆ ಕಳಿಸುತ್ತಾರೆ: ‘ನೋವಿನ ಮಾತ್ರೆ ಅಂತೆ, ತಗೊಳ್ಳಲೇನೋ?’ ಇಂಥ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಏಳಬಹುದು.

ಮಗ ಮೊದಲು ಹುಡುಕಬೇಕಾದ್ದು ಔಷಧದ ಹೆಸರನ್ನಲ್ಲ. ಪ್ರಾಣಿಗಳ ಔಷಧದ ಮೇಲೆ ‘ನಾಟ್ ಫಾರ್ ಹ್ಯೂಮನ್ ಯೂಸ್, ಫಾರ್ ಅನಿಮಲ್ ಟ್ರೀಟ್‌ಮೆಂಟ್ ಓನ್ಲಿ’ ಎಂಬ ಸಾಲು ಎದ್ದು ಕಾಣಬೇಕು, ಜತೆಗೆ ಸಾಕುಪ್ರಾಣಿಯ ತಲೆಯ ಚಿತ್ರವೂ ಇರಬೇಕು ಎಂದು 1945ರ ಔಷಧ ನಿಯಮಗಳ 97ನೇ ನಿಯಮ ಹೇಳುತ್ತದೆ. ಹೆಸರಿಗೆ ‘ವೆಟ್’ ಅಂಟಿಕೊಂಡಿದ್ದರೆ, ‘ಬೋಲಸ್’ ಎಂದಿದ್ದರೆ, ಹಾಲು ಅಥವಾ ಮಾಂಸವನ್ನು ಇಂತಿಷ್ಟು ದಿನ ಬಳಸಬಾರದು ಎಂದಿದ್ದರೆ ಅದೂ ಸುಳಿವೇ.

ತೊಂದರೆ ಇರುವುದು ಕತ್ತರಿಸಿದ ಸ್ಟ್ರಿಪ್‌ನಲ್ಲಿ. ಆ ಸಾಲು, ಆ ಚಿತ್ರ ಕತ್ತರಿಸಿ ಹೋದ ತುಂಡಿನಲ್ಲೇ ಉಳಿದಿರಬಹುದು. ಬೆಳ್ಳಿಹಾಳೆಯ ಮೇಲೆ ಫ್ಲ್ಯಾಶ್ ಬಿದ್ದರೆ ಅಕ್ಷರಗಳೆಲ್ಲ ಬಿಳಿಚಿಕೊಳ್ಳುತ್ತವೆ. ಹತ್ತಿರದಿಂದ ತೆಗೆದ ಫೋಟೊದಲ್ಲಿ ಗಾತ್ರವೂ ತಿಳಿಯದು. ಹಸುವಿಗೆ ಕೊಡುವ ದಪ್ಪ ಬೋಲಸ್ ಕೂಡ ನಮ್ಮ ಮಾತ್ರೆಯಷ್ಟೇ ಕಾಣುತ್ತದೆ. ಹಾಗಾಗಿ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲೊಂದು ನಾಣ್ಯವಿಟ್ಟು ಎರಡೂ ಬದಿಯ ಫೋಟೊ ಕೇಳಿ. ರಟ್ಟಿನ ಪೆಟ್ಟಿಗೆ ಇದ್ದರೆ ಅದರದ್ದೂ ಬೇಕು. ಇಷ್ಟಾದ ಮೇಲೂ ಗುರುತು ಕಾಣಲಿಲ್ಲವೆಂದರೆ ಅದು ಮನುಷ್ಯರ ಔಷಧ ಎಂದು ಅರ್ಥವಲ್ಲ. ಬಿಡಿ ಮಾತ್ರೆಯನ್ನಂತೂ ಫೋಟೊ ನೋಡಿ ಯಾರೂ ಖಚಿತವಾಗಿ ಹೇಳಲಾರರು.

ನಾಯಿಗೆ ಕಾರ್ಪ್ರೊಫೆನ್ ಪ್ರಮಾಣ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 4.4 ಮಿ.ಗ್ರಾಂ. 25 ಕಿಲೋ ನಾಯಿಗೆ ಒಂದು ಮಾತ್ರೆಯ ಲೆಕ್ಕ. ‘ನಾನು 60 ಕಿಲೋ, ಎರಡು ತಗೊಂಡರಾಯ್ತು’ ಎಂದು ಅಜ್ಜಿ ಗುಣಿಸಿಬಿಟ್ಟರೆ ಅಪಾಯ. ನಾಯಿಯ ಲೆಕ್ಕ ಮನುಷ್ಯನ ಮೈಗೆ ಹೊಂದುವುದಿಲ್ಲ. ಇದು ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳ ಗುಂಪಿನದೇ ಔಷಧ. ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ, ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತದೆ. ಅಜ್ಜಿ ಆಗಲೇ ಹೃದಯಕ್ಕೆಂದು ಆಸ್ಪಿರಿನ್ ನುಂಗುತ್ತಿದ್ದರೆ ರಕ್ತಸ್ರಾವದ ಭಯ ಹೆಚ್ಚು. ಕೆಲವು ಬಿಪಿ ಮಾತ್ರೆಗಳಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ನಾಯಿಯ ಮಾತ್ರೆ ಬರೆದ ವೈದ್ಯರಿಗೆ ಅಜ್ಜಿಯ ಈ ಯಾವ ವಿವರವೂ ಗೊತ್ತಿರುವುದಿಲ್ಲ.

ನುಂಗಿಬಿಟ್ಟಿದ್ದರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಷ್ಟು ಹೊತ್ತಿಗೆ, ಎಷ್ಟು ಮಾತ್ರೆ ಎಂದು ಬರೆದುಕೊಂಡು ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಹೊರಡಿ. ಹೋಗುವಾಗ ಆ ಅರ್ಧ ಸ್ಟ್ರಿಪ್ ಜತೆಗಿರಲಿ, ಅಜ್ಜಿ ದಿನವೂ ನುಂಗುವ ಮಾತ್ರೆಗಳ ಚೀಟಿಯೂ ಇರಲಿ.