ಪ್ಲೇಟೋನಿಂದ ಗೆಟಿಯರ್‌ವರೆಗೆ: ನಾಲ್ಕು ವಾರದ ಓದು

ತತ್ತ್ವಶಾಸ್ತ್ರದ ಮೊದಲ ವರ್ಷದಲ್ಲಿ ಪ್ರಾಚೀನ ಗ್ರೀಕ್ ಚಿಂತನೆಯನ್ನೂ ಜ್ಞಾನಮೀಮಾಂಸೆಯನ್ನೂ ಬೇರೆ ಬೇರೆಯಾಗಿ ಓದಿದವರು, ಪರೀಕ್ಷೆಯ ತಯಾರಿಯಲ್ಲಿ ಎರಡನ್ನೂ ಒಂದೇ ಪ್ರಶ್ನೆಗೆ ಕಟ್ಟಬಹುದು: ನಂಬಿದ್ದು ನಿಜವಾದರೆ ಅದು ಜ್ಞಾನವೇ?

ಮೊದಲ ವಾರ ಪ್ಲೇಟೋನ ‘ಮೆನೋ’. ಲಾರಿಸ್ಸಾಕ್ಕೆ ದಾರಿ ಬಲ್ಲವನೂ ಸರಿಯಾಗಿ ಊಹಿಸಿದವನೂ ಊರು ಸೇರುತ್ತಾರೆ. ಹಾಗಾದರೆ ಜ್ಞಾನದ ಹೆಚ್ಚುಗಾರಿಕೆಯೇನು? ಕಾರಣದಿಂದ ಬಿಗಿದ ನಂಬಿಕೆ ಸುಲಭವಾಗಿ ಜಾರಿಹೋಗದು ಎನ್ನುತ್ತಾನೆ ಸಾಕ್ರಟೀಸ್.

ಎರಡನೇ ವಾರ ‘ಥಿಯಟೀಟಸ್’. ಇಂದ್ರಿಯಗ್ರಹಿಕೆ, ಸತ್ಯ ಅಭಿಪ್ರಾಯ, ವಿವರಣೆಯುಳ್ಳ ಸತ್ಯ ಅಭಿಪ್ರಾಯ ಎಂಬ ಮೂರು ವ್ಯಾಖ್ಯೆಗಳೂ ಇಲ್ಲಿ ಬಿದ್ದುಹೋಗುತ್ತವೆ. ಪ್ರತಿಯೊಂದರ ಎದುರಿಗೆ ಅದನ್ನು ಕೆಡವಿದ ಆಕ್ಷೇಪವನ್ನು ಬರೆದಿಡಿ. ಎರಡನೆಯದಕ್ಕೆ ಆಕ್ಷೇಪ ಹೀಗಿದೆ: ಅಪರಾಧವನ್ನು ಕಣ್ಣಾರೆ ಕಾಣದೆ, ವಾದಚತುರರ ಮಾತಿಗೆ ಒಲಿದು ಸರಿಯಾದ ತೀರ್ಪು ಕೊಟ್ಟವರಿಗೆ ಸತ್ಯ ಅಭಿಪ್ರಾಯವಿದೆ, ಜ್ಞಾನವಿಲ್ಲ.

ಮೂರನೇ ವಾರ ಎಡ್ಮಂಡ್ ಗೆಟಿಯರ್ 1963ರಲ್ಲಿ ಪ್ರಕಟಿಸಿದ ಪುಟ್ಟ ಲೇಖನ. ಸಮರ್ಥನೆಯುಳ್ಳ ಸತ್ಯ ನಂಬಿಕೆಯೂ ಜ್ಞಾನವಾಗದೆ ಉಳಿಯಬಹುದೆಂದು ಅದು ತೋರಿಸಿತು. ರಸೆಲ್‌ನ ಗಡಿಯಾರದ ಉದಾಹರಣೆಯಿಂದ ಇದನ್ನು ಪರೀಕ್ಷಿಸಿ. ನಿಂತುಹೋದ ಗಡಿಯಾರ ಮೂರು ಗಂಟೆ ತೋರಿಸುತ್ತಿದೆ; ನೋಡಿದ ಕ್ಷಣದಲ್ಲಿ ನಿಜಕ್ಕೂ ಮೂರು ಗಂಟೆ. ನಂಬಿಕೆ ಇದೆ, ಅದು ಸತ್ಯ, ದಿನವೂ ಸರಿ ನಡೆಯುತ್ತಿದ್ದ ಗಡಿಯಾರವೆಂಬ ಆಧಾರವೂ ಇದೆ. ಆದರೂ ಸತ್ಯ ಸಿಕ್ಕಿದ್ದು ಅದೃಷ್ಟದಿಂದ.

ನಾಲ್ಕನೇ ವಾರ ಪುಸ್ತಕ ಮುಚ್ಚಿ, ಪರೀಕ್ಷೆಯ ಅವಧಿಯಲ್ಲೇ ಉತ್ತರ ಬರೆಯಿರಿ. ಇಲ್ಲಿ ಎಡವುವುದು ಕಥೆ ಹೇಳಿ ವಾದ ಬಿಡುವುದರಲ್ಲಿ. ಬರೆದ ಉತ್ತರದಿಂದ ಲಾರಿಸ್ಸಾ, ಗಡಿಯಾರಗಳನ್ನು ಹೊಡೆದುಹಾಕಿ ಓದಿ. ಆಧಾರವಾಕ್ಯಗಳೂ ತೀರ್ಮಾನವೂ ಉಳಿಯದಿದ್ದರೆ ಆ ಭಾಗವನ್ನು ಮತ್ತೆ ಓದಬೇಕು.