ಅವ್ವನಿಗೆ ಬರೆದ ಎಣ್ಣೆ-ಸಕ್ಕರೆಯ ಲೆಕ್ಕ

ದಾವಣಗೆರೆಯ 29 ವರ್ಷದ ಯುವಕನೊಬ್ಬ ಒಂದೇ ಸೂರಿನಡಿ ಇರುವ ತಾಯಿಗೆ ಎರಡು ಪುಟದ ಪತ್ರ ಬರೆದ. ಊಟಕ್ಕೆ ಕೂತಾಗ ಎಣ್ಣೆಯ ಮಾತು ತೆಗೆದರೆ ಸಾಕು, ‘ನನ್ನ ಅಡುಗೆಯಿಂದ ನಿನಗೆ ರೋಗ ಬಂತೇನು?’ ಎಂದು ಅವ್ವ ನೊಂದುಕೊಳ್ಳುತ್ತಿದ್ದರು. ಅದಕ್ಕೇ ಪತ್ರದ ಮೊದಲ ಸಾಲೇ ಹೀಗಿತ್ತು: ‘ಅವ್ವ, ತಪ್ಪು ನಿನ್ನ ಕೈಯದಲ್ಲ. ಎಷ್ಟು ಸುರಿಯುತ್ತೇವೆ, ಎಷ್ಟು ತಿನ್ನುತ್ತೇವೆ ಅಂತ ನಾವು ಯಾರೂ ಲೆಕ್ಕ ಇಟ್ಟಿಲ್ಲ.’

ಜಿಮ್‌ಗೆ ಸೇರಿದ ದಿನ ಅವನನ್ನು ಬರಿಗಾಲಲ್ಲಿ ಒಂದು ಯಂತ್ರದ ಮೇಲೆ ನಿಲ್ಲಿಸಿ, ಕೈಗೆ ಎರಡು ಹಿಡಿಕೆ ಕೊಟ್ಟಿದ್ದರು. ಈ ಯಂತ್ರ ದೇಹದೊಳಗೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ ಹರಿಸುತ್ತದೆ. ನೀರಿನಂಶ ಹೆಚ್ಚಿರುವ ಸ್ನಾಯುವಿನಲ್ಲಿ ಅದು ಸರಾಗವಾಗಿ ಹರಿದರೆ, ಕೊಬ್ಬು ಅದನ್ನು ತಡೆಯುತ್ತದೆ. ಆ ತಡೆಯನ್ನು ಅಳೆದು ಯಂತ್ರ ಕೊಬ್ಬಿನ ಪ್ರಮಾಣವನ್ನು ಅಂದಾಜು ಮಾಡುತ್ತದೆ. ಅಂದಾಜು ಮಾತ್ರ. ಹೊಟ್ಟೆ ತುಂಬ ನೀರು ಕುಡಿದು ಬಂದರೆ, ಬೆವರು ಸುರಿಸಿ ಬಂದರೆ ಅಂಕಿ ಬದಲಾಗುತ್ತದೆ. ಜಿಮ್‌ನ ತರಬೇತುದಾರ ಬುದ್ಧಿವಂತ. ಯಂತ್ರದ ಚೀಟಿ ನಂಬಿ ಪುಡಿ-ಮಾತ್ರೆ ಮಾರಲು ಹೋಗದೆ, ಸೊಂಟಕ್ಕೆ ಟೇಪು ಸುತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ ಎಂದ.

ಸೊಂಟ 96 ಸೆಂಟಿಮೀಟರ್ ಇತ್ತು. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ ಎನ್ನುತ್ತಾರೆ ವೈದ್ಯರು. ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ 108 (100ರಿಂದ 125ರವರೆಗಿನದು ಮಧುಮೇಹದ ಹೊಸ್ತಿಲು), ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.9, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 220. ಈ ಕೊನೆಯದು 150ರೊಳಗೆ ಇರಬೇಕಿತ್ತು. ರೋಗ ಇನ್ನೂ ಬಂದಿಲ್ಲ, ಆದರೆ ದಾರಿ ಅತ್ತಲೇ ಇದೆ ಎಂದರು ವೈದ್ಯರು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10 ಕೋಟಿ, ಈ ಹುಡುಗನಂತೆ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು.

ಅವನು ಮಾಡಿದ ಒಳ್ಳೆಯ ಕೆಲಸವೆಂದರೆ, ಅವ್ವನಿಗೆ ಉಪದೇಶ ಮಾಡುವ ಮೊದಲು ಅಂಗಡಿಯ ಚೀಟಿಗಳನ್ನು ಕೂಡಿಸಿದ್ದು. ಮನೆಯಲ್ಲಿ ಉಣ್ಣುವವರು ನಾಲ್ವರು. ತಿಂಗಳಿಗೆ ನಾಲ್ಕೂವರೆ ಲೀಟರ್ ಶೇಂಗಾ ಎಣ್ಣೆ, ಅರ್ಧ ಕಿಲೋ ತುಪ್ಪ ಖರ್ಚಾಗುತ್ತಿತ್ತು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಒಟ್ಟನ್ನು ನಾಲ್ವರಿಗೆ, ಮೂವತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 34 ಗ್ರಾಂ ಎಣ್ಣೆ, 4 ಗ್ರಾಂ ತುಪ್ಪ. ದಿನಕ್ಕೆ 2000 ಕ್ಯಾಲೊರಿ ಸಾಕಾಗುವವರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸೂಚಿಸುವುದು ಎಣ್ಣೆ-ತುಪ್ಪ ಎರಡೂ ಸೇರಿ 27 ಗ್ರಾಂ. ತುಪ್ಪವನ್ನು ಹಾಗೇ ಉಳಿಸಿಕೊಂಡರೂ ಎಣ್ಣೆ ಮೂರು ಲೀಟರಿಗೆ ಇಳಿಯಬೇಕು. ಗ್ರಾಂಗೆ 9 ಕ್ಯಾಲೊರಿಯಂತೆ, ಇಳಿಸುವ ಒಂದೂವರೆ ಲೀಟರಿನಿಂದ ಒಬ್ಬೊಬ್ಬರಿಗೆ ದಿನಕ್ಕೆ ನೂರು ಕ್ಯಾಲೊರಿ ಕಡಿಮೆಯಾಗುತ್ತದೆ.

ಆ ಒಂದೂವರೆ ಲೀಟರ್ ಎಲ್ಲಿ ಸಿಗುತ್ತದೆ? ಜೋಳದ ರೊಟ್ಟಿ, ಮುದ್ದೆ, ಇಡ್ಲಿ ಎಣ್ಣೆ ಕೇಳುವ ಅಡುಗೆಗಳೇ ಅಲ್ಲ. ಎಣ್ಣೆ ಹೋಗುವುದು ಪಲ್ಯದ ಒಗ್ಗರಣೆಗೆ, ದೋಸೆ ಹಂಚಿಗೆ, ಕರಿಯುವ ಬಾಣಲೆಗೆ. ಒಂದು ಭಾನುವಾರ ತಾಯಿ ಮಗ ಸೇರಿ ಅಳೆದೇ ನೋಡಿದರು: ಪೂರಿ ಕರಿಯುವ ಮೊದಲು ಬಾಣಲೆಗೆ ಹಾಕಿದ್ದು ಅರ್ಧ ಲೀಟರ್, ಇಪ್ಪತ್ತು ಪೂರಿ ತೆಗೆದ ಮೇಲೆ ಉಳಿದದ್ದು 390 ಮಿಲಿಲೀಟರ್. ಅಂದರೆ ಒಂದೊಂದು ಪೂರಿಗೆ ಒಂದು ಚಮಚಕ್ಕೂ ಹೆಚ್ಚು ಎಣ್ಣೆ. ಐದು ಪೂರಿ ತಿಂದರೆ ಆ ದಿನದ ಪಾಲು ಬೆಳಗ್ಗೆಯೇ ಮುಗಿಯಿತು. ಕರಿದುಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಇನ್ನೂ ಕೆಟ್ಟದ್ದು. ಬಣ್ಣ ಕಪ್ಪಾಗಿ, ಅಂಟಂಟಾಗಿ, ಬೇಗ ಹೊಗೆಯಾಡಿ ನೊರೆ ಬರುತ್ತಿದ್ದರೆ ಅದನ್ನು ಚೆಲ್ಲಬೇಕು.

ತಾಯಿಯೂ ಕೈಕಟ್ಟಿ ಕೂರಲಿಲ್ಲ. ಅಡುಗೆ ಬಲ್ಲವರು ಅವರೇ ತಾನೆ? ಒಗ್ಗರಣೆಗೆ ಸೌಟಿನಿಂದ ಸುರಿಯುವುದನ್ನು ಬಿಟ್ಟು ಚಮಚದಿಂದ ಹಾಕತೊಡಗಿದರು. ಪಲ್ಯ ತಳ ಹಿಡಿಯುವಂತಾದಾಗ ಎಣ್ಣೆಯ ಬದಲು ನೀರು ಚಿಮುಕಿಸಿ ಮುಚ್ಚಳ ಮುಚ್ಚಿದರು. ದೋಸೆ ಹಂಚಿಗೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರಿದರು. ಸಾಸಿವೆ, ಇಂಗು, ಕರಿಬೇವಿನ ಘಮ ಎಣ್ಣೆಯಲ್ಲಿ ಕರಗುವಂಥದ್ದು. ಹಾಗಾಗಿ ಒಂದೇ ಚಮಚ ಎಣ್ಣೆಯ ಒಗ್ಗರಣೆಯನ್ನು ಕೊನೆಗೆ ಮೇಲಿಂದ ಹಾಕಿದರೆ, ಮೊದಲೇ ಮೂರು ಚಮಚ ಹಾಕಿ ಬೇಯಿಸಿದ್ದಕ್ಕಿಂತ ಹೆಚ್ಚು ಪರಿಮಳ ಬರುತ್ತದೆ. ಮಂಡಕ್ಕಿ ಜೊತೆಗಿನ ಮಿರ್ಚಿಯನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ದಾವಣಗೆರೆಯಲ್ಲಿ ಅದನ್ನು ಬಿಡಿ ಎನ್ನುವುದು ನ್ಯಾಯವೂ ಅಲ್ಲ. ವಾರಕ್ಕೊಮ್ಮೆ ಎಂದು ಒಪ್ಪಂದವಾಯಿತು.

ಎಣ್ಣೆಯನ್ನು ಪೂರ್ತಿ ಬಿಡುವುದೂ ತಪ್ಪು. ದೇಹ ತಾನೇ ತಯಾರಿಸಲಾರದ ಕೆಲವು ಕೊಬ್ಬಿನಂಶಗಳು ಅದರಲ್ಲಿವೆ, ಸೊಪ್ಪಿನಲ್ಲಿರುವ ಎ ಜೀವಸತ್ವದ ಮೂಲಾಂಶ ಮೈಗೆ ಹತ್ತಲು ಎಣ್ಣೆ ಬೇಕು. ‘ಕೊಲೆಸ್ಟರಾಲ್ ಇಲ್ಲ’ ಎಂಬ ಪ್ಯಾಕೆಟ್ ಬರಹ ನೋಡಿ ಧಾರಾಳವಾಗಿ ಸುರಿಯುವುದು ಮತ್ತೊಂದು ತಪ್ಪು. ಯಾವ ಸಸ್ಯದ ಎಣ್ಣೆಯಲ್ಲೂ ಕೊಲೆಸ್ಟರಾಲ್ ಗಣನೀಯವಾಗಿ ಇರುವುದೇ ಇಲ್ಲ, ಕ್ಯಾಲೊರಿ ಮಾತ್ರ ಎಲ್ಲದರಲ್ಲೂ ಅಷ್ಟೇ.

ಇನ್ನು ಸಕ್ಕರೆ. ತಿಂಗಳಿಗೆ ನಾಲ್ಕು ಕಿಲೋ ಸಕ್ಕರೆ, ಒಂದು ಕಿಲೋ ಬೆಲ್ಲ. ತಲೆಗೆ ದಿನಕ್ಕೆ ಸುಮಾರು 42 ಗ್ರಾಂ. ಐಸಿಎಂಆರ್ 2024ರ ಮಾರ್ಗಸೂಚಿ ಹೇಳುವ ಮಿತಿ 20ರಿಂದ 25 ಗ್ರಾಂ. ಹಬ್ಬದ ಹೋಳಿಗೆ ಮೇಲೆ ತಪ್ಪು ಹೊರಿಸಬಹುದಿತ್ತು, ಆದರೆ ಲೆಕ್ಕ ಚಹಾದ ಲೋಟದ ಕಡೆ ಬೊಟ್ಟು ಮಾಡಿತು. ದಿನಕ್ಕೆ ಮೂರು ಸಲ ಚಹಾ, ಪ್ರತಿ ಲೋಟಕ್ಕೆ ಎರಡು ಚಮಚ, ಚಮಚಕ್ಕೆ ಐದು ಗ್ರಾಂ: ಅಲ್ಲಿಗೇ 30 ಗ್ರಾಂ. ‘ಅವ್ವ, ನಿನ್ನ ಹೋಳಿಗೆ ಬಿಡು ಅಂತ ನಾನು ಕೇಳುತ್ತಿಲ್ಲ. ಚಹಾಕ್ಕೆ ಒಂದೇ ಚಮಚ ಹಾಕು, ಅದೂ ಒಂದೇ ಸಲಕ್ಕೆ ಅಲ್ಲ, ವಾರ ವಾರ ಕಾಲು ಚಮಚ ಇಳಿಸೋಣ’ ಎಂದು ಅವನು ಬರೆದಿದ್ದ. ನಾಲಿಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಚಹಾ ಒಂದು ಚಮಚಕ್ಕೆ ಇಳಿದರೆ ದಿನದ ಒಟ್ಟು 27 ಗ್ರಾಂಗೆ ಬರುತ್ತದೆ.

ಸಕ್ಕರೆಯ ಬದಲು ಬೆಲ್ಲ ಹಾಕಿದರಾಯಿತಲ್ಲ ಎಂದು ತಾಯಿ ಕೇಳಿದ್ದು ಸಹಜ. ಬಹಳ ಮನೆಗಳಲ್ಲಿ ಇದೇ ನಂಬಿಕೆಯಿದೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇದೆ ನಿಜ, ಆದರೆ ಅದರ ಬಹುಪಾಲು ಸಕ್ಕರೆಯೇ. ಜೇನೂ ಅದೇ ಲೆಕ್ಕಕ್ಕೆ ಸೇರುತ್ತದೆ. ಹೊರಗೆ ಕುಡಿಯುವ 300 ಮಿಲಿಲೀಟರಿನ ಒಂದು ತಂಪು ಪಾನೀಯ ಇಡೀ ದಿನದ ಮಿತಿಯನ್ನು ಒಂದೇ ಸಲಕ್ಕೆ ಮೀರಿಸುತ್ತದೆ, ಅದರಲ್ಲಿ 30 ಗ್ರಾಂ ಮೇಲ್ಪಟ್ಟು ಸಕ್ಕರೆ ಇರುತ್ತದೆ. ಮನೆಯ ಡಬ್ಬಿಯಲ್ಲಿ ಉಳಿಸಿದ್ದನ್ನು ಅಂಗಡಿಯ ಬಾಟಲಿಯಲ್ಲಿ ಕುಡಿದರೆ ಅವ್ವನ ಶ್ರಮ ವ್ಯರ್ಥ.

ಒಂದು ಅಪಾಯವನ್ನು ಮಾತ್ರ ಪತ್ರ ಗಮನಿಸಿರಲಿಲ್ಲ, ವೈದ್ಯರೇ ಹೇಳಬೇಕಾಯಿತು. ಎಣ್ಣೆ ಕಡಿಮೆಯಾದಾಗ ಊಟ ಸಪ್ಪೆ ಎನಿಸಿ, ಹೊಟ್ಟೆ ತುಂಬಿಸಲು ಇನ್ನೊಂದು ಬಟ್ಟಲು ಅನ್ನ ಹಾಕಿಕೊಳ್ಳುತ್ತೇವೆ. ಟ್ರೈಗ್ಲಿಸರೈಡ್ ಎಣ್ಣೆಯಿಂದಷ್ಟೇ ಏರುವುದಲ್ಲ. ಹೆಚ್ಚಾದ ಅನ್ನ, ಸಕ್ಕರೆಯನ್ನೂ ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ಆದ್ದರಿಂದ ತಟ್ಟೆಯಲ್ಲಿ ಅನ್ನದ ಬದಲು ಹೆಸರುಕಾಳು, ಬೇಳೆ, ಮಜ್ಜಿಗೆ, ಸೊಪ್ಪು ಹೆಚ್ಚಬೇಕು. ಮನೆಯಲ್ಲಿ ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು. ಪುಟ್ಟ ಮಕ್ಕಳ ಪಾಲಿನ ಎಣ್ಣೆ-ತುಪ್ಪಕ್ಕೆ ಈ ಕತ್ತರಿ ಬೇಡ.

ಫಲ ಸಿಕ್ಕಿತೇ ಎಂದು ತಿಳಿಯಲು ಜಿಮ್‌ನ ಯಂತ್ರದ ಮೇಲೆ ವಾರವಾರ ಹತ್ತಿ ಇಳಿಯುವುದರಿಂದ ಪ್ರಯೋಜನ ಕಡಿಮೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಎಚ್‌ಬಿಎ1ಸಿ ಆ ಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಹಾಗಾಗಿ ಮೂರು ತಿಂಗಳಿಗೆ ಮೊದಲು ಅದನ್ನು ಮತ್ತೆ ಮಾಡಿಸಿ ಉಪಯೋಗವಿಲ್ಲ. ಅಲ್ಲಿಯವರೆಗೆ ಸೊಂಟದ ಟೇಪು ಸಾಕು.

ಓದುಗರು ಮುಂದಿನ ಸಲ ಎಣ್ಣೆ ಪ್ಯಾಕೆಟ್ ಒಡೆಯುವಾಗ ಅದರ ಮೇಲೆ ದಿನಾಂಕ ಬರೆದಿಡಿ. ಈಗ ಎಲ್ಲ ಪ್ಯಾಕೆಟ್‌ಗಳೂ 910 ಗ್ರಾಂ ಇರುವುದಿಲ್ಲ, ಮುದ್ರಿಸಿದ ತೂಕವನ್ನೂ ನೋಡಿ. ಮುಗಿದ ದಿನ, ಆ ತೂಕವನ್ನು ಮನೆಯ ಜನಕ್ಕೂ ದಿನಕ್ಕೂ ಭಾಗಿಸಿ. ಆ ಲೆಕ್ಕವನ್ನು ಅಡುಗೆ ಮಾಡುವವರ ಮೇಲೆ ಹೊರಿಸದೆ, ಉಣ್ಣುವವರೇ ಮಾಡಿ.