ರೊಟ್ಟಿ ಖರ್ಚಿನೊಳಗೆ ಎರಡು ಖರ್ಚು

ಕಲಬುರಗಿ, ವಿಜಯಪುರದ ಕಡೆ ಜೋಳದ ಕಡಕ್ ರೊಟ್ಟಿ ಮಾಡಿ ಮಾರುವ ಮನೆಗಳು ಬೇಕಾದಷ್ಟಿವೆ. ಅಂಥದೊಂದು ರೊಟ್ಟಿ ಕೇಂದ್ರದ ಲೆಕ್ಕವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಹಿಟ್ಟಿನ ಖರ್ಚು ಬೇರೆ ಪುಟದಲ್ಲಿದೆ. ಗ್ಯಾಸು, ಕರೆಂಟು, ಕೂಲಿ, ಬಾಡಿಗೆ ಎಲ್ಲವನ್ನೂ ‘ತಯಾರಿಕೆ ಖರ್ಚು’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದಾರೆ. ಜೂನ್‌ನಲ್ಲಿ 12,000 ರೊಟ್ಟಿಗೆ 43,000 ರೂಪಾಯಿ, ಮದುವೆಗಳ ಏಪ್ರಿಲ್‌ನಲ್ಲಿ 28,000 ರೊಟ್ಟಿಗೆ 67,000 ರೂಪಾಯಿ.

ಭಾಗಿಸಿ ನೋಡಿದರೆ ಜೂನ್‌ನಲ್ಲಿ ಒಂದು ರೊಟ್ಟಿಗೆ ಸುಮಾರು 3.58 ರೂಪಾಯಿ ಬಿದ್ದರೆ, ಏಪ್ರಿಲ್‌ನಲ್ಲಿ 2.39 ರೂಪಾಯಿ. ಅದೇ ಒಲೆ, ಅದೇ ಕೈಗಳು. ಹಾಗಿದ್ದೂ ಇಷ್ಟು ಅಂತರ ಯಾಕೆಂದರೆ, ಆ ಒಂದು ಸಾಲಿನೊಳಗೆ ಎರಡು ಸ್ವಭಾವದ ಖರ್ಚು ಬೆರೆತಿದೆ. ರೊಟ್ಟಿ ಮಾಡಿದರೂ ಬಿಟ್ಟರೂ ಬಾಡಿಗೆ ಕಟ್ಟಲೇಬೇಕು. ಅದು ಸ್ಥಿರ ವೆಚ್ಚ. ಗ್ಯಾಸು ರೊಟ್ಟಿಯ ಲೆಕ್ಕಕ್ಕೆ ಸರಿಯಾಗಿ ಸುಡುತ್ತದೆ. ಅದು ಚರ ವೆಚ್ಚ. ಎರಡೂ ಕೂಡಿದ್ದು ಮಿಶ್ರ ವೆಚ್ಚ. ಹಳೆಯ ಪುಸ್ತಕದಲ್ಲಿ ತಿಂಗಳ ಮೊತ್ತ ಬಿಟ್ಟು ಬೇರೇನೂ ಇಲ್ಲದಾಗ ಇವನ್ನು ಬಿಡಿಸಲು ಇರುವ ಸುಲಭ ದಾರಿಯೇ ಹೈ-ಲೋ ವಿಧಾನ.

ಅತಿ ಹೆಚ್ಚು ರೊಟ್ಟಿ ಮಾಡಿದ ತಿಂಗಳು, ಅತಿ ಕಡಿಮೆ ಮಾಡಿದ ತಿಂಗಳು, ಇವೆರಡನ್ನು ಪಕ್ಕಪಕ್ಕ ಇಡಬೇಕು. ಏಪ್ರಿಲ್‌ನಲ್ಲಿ ಜೂನ್‌ಗಿಂತ 16,000 ರೊಟ್ಟಿ ಹೆಚ್ಚು, ಖರ್ಚು 24,000 ರೂಪಾಯಿ ಹೆಚ್ಚು. ಬಾಡಿಗೆಯಂಥ ಸ್ಥಿರ ಭಾಗ ಎರಡೂ ತಿಂಗಳಲ್ಲಿ ಒಂದೇ ಆಗಿರುವುದರಿಂದ ಕಳೆಯುವಾಗ ಅದು ಹೊರಟುಹೋಗುತ್ತದೆ. ಉಳಿದ 24,000 ಪೂರ್ತಿಯಾಗಿ ಹೆಚ್ಚುವರಿ ರೊಟ್ಟಿಗಳದ್ದೇ. 16,000ದಿಂದ ಭಾಗಿಸಿದರೆ ರೊಟ್ಟಿಗೆ 1.50 ರೂಪಾಯಿ ಚರ ವೆಚ್ಚ. ಏಪ್ರಿಲ್‌ನ 28,000 ರೊಟ್ಟಿಗೆ ಆ ದರದಲ್ಲಿ 42,000 ಆಯಿತು. 67,000ದಲ್ಲಿ ಅದನ್ನು ಕಳೆದರೆ 25,000 ಸ್ಥಿರ. ಜೂನ್‌ನಿಂದ ಲೆಕ್ಕ ಹಾಕಿದರೂ 43,000ದಲ್ಲಿ 18,000 ಹೋಗಿ ಅದೇ 25,000 ಉಳಿಯಬೇಕು. ಉಳಿಯದಿದ್ದರೆ ಕೂಡುವ ಕಳೆಯುವಲ್ಲಿ ಎಲ್ಲೋ ತಪ್ಪಿದೆ.

ಈಗ ಜೂನ್‌ನಲ್ಲಿ ಯಾರೋ ಬಂದು ಇನ್ನೂ 4,000 ರೊಟ್ಟಿ ಬೇಕೆಂದರು ಅನ್ನಿ. 3.58ರ ಸರಾಸರಿ ಹಿಡಿದು ಕೂತವರಿಗೆ ಅದು 14,000 ರೂಪಾಯಿ ದಾಟುವ ಖರ್ಚಾಗಿ ಕಾಣುತ್ತದೆ. ನಿಜಕ್ಕೂ ಹಿಟ್ಟು ಬಿಟ್ಟರೆ ಹೆಚ್ಚುವುದು 6,000 ರೂಪಾಯಿ ಮಾತ್ರ. ಆರ್ಡರ್ ಹಿಡಿಯಬೇಕೋ ಬಿಡಬೇಕೋ ಎಂಬುದು ಈ ವ್ಯತ್ಯಾಸದ ಮೇಲೆ ನಿಂತಿದೆ.

ಎಡವುವುದು ಬಹುಮಟ್ಟಿಗೆ ತಿಂಗಳನ್ನು ಆರಿಸುವಾಗ. ಮೇ ತಿಂಗಳಲ್ಲಿ 26,000 ರೊಟ್ಟಿಗೆ 68,500 ಖರ್ಚಾಗಿದೆ. ಅತಿ ದೊಡ್ಡ ಖರ್ಚು ಅದೇ ಎಂದು ಅದನ್ನು ‘ಹೈ’ ಮಾಡಿಕೊಂಡರೆ ರೊಟ್ಟಿಗೆ 1.82 ಬರುತ್ತದೆ, ಸ್ಥಿರ ವೆಚ್ಚ 21,100ರ ಆಸುಪಾಸಿಗೆ ಇಳಿಯುತ್ತದೆ. ಆರಿಸಬೇಕಾದದ್ದು ರೊಟ್ಟಿಯ ಸಂಖ್ಯೆ ನೋಡಿ, ಹಣ ನೋಡಿ ಅಲ್ಲ. ಮೇ ಖರ್ಚು ಉಬ್ಬಿದ್ದು ಹಿಟ್ಟು ನಾದುವ ಯಂತ್ರದ 4,500 ರೂಪಾಯಿಯ ರಿಪೇರಿಯಿಂದ.

ಅಂಥ ರಿಪೇರಿ ಜೂನ್‌ನಲ್ಲೇ ಬಂದಿದ್ದರೆ? 4,000 ರೂಪಾಯಿಯ ಒಂದು ಬಿಲ್ಲು ಸಾಕು: ಜೂನ್ ಖರ್ಚು 47,000 ಆಗಿ, ಚರ ದರ 1.25ಕ್ಕೆ ಕುಸಿದು, ಸ್ಥಿರ ವೆಚ್ಚ 32,000ಕ್ಕೆ ಏರುತ್ತದೆ. ಎರಡೇ ತಿಂಗಳ ಮೇಲೆ ಇಡೀ ಲೆಕ್ಕ ನಿಂತಿರುವುದರಿಂದ ಆ ಎರಡೂ ಸಹಜ ತಿಂಗಳಾಗಿರಲೇಬೇಕು. ಹಾಗಲ್ಲದಿದ್ದರೆ ಆ ವಿಶೇಷ ಖರ್ಚನ್ನು ಮೊದಲು ತೆಗೆಯಬೇಕು, ಇಲ್ಲವೇ ಅದರ ಪಕ್ಕದ ತಿಂಗಳನ್ನು ಹಿಡಿಯಬೇಕು.

ಲೆಕ್ಕ ಹದವಾಗಿದೆಯೇ ಎಂದು ತಿಳಿಯಲು ನಡುವಿನ ತಿಂಗಳುಗಳನ್ನು ಕೇಳಬೇಕು. ಮಾರ್ಚ್‌ನ 24,000 ರೊಟ್ಟಿಗೆ ಸೂತ್ರ ಹೇಳುವುದು 61,000, ಪುಸ್ತಕದಲ್ಲಿರುವುದು 60,400. ಫೆಬ್ರವರಿಯ 18,000ಕ್ಕೆ ಸೂತ್ರದ 52,000 ಎದುರು 51,500. ಇಷ್ಟು ಹತ್ತಿರವಿದ್ದರೆ ನಂಬಬಹುದು. ಕಂಪ್ಯೂಟರ್ ಇದ್ದವರು ಎಲ್ಲ ತಿಂಗಳನ್ನೂ ಸ್ಪ್ರೆಡ್‌ಶೀಟಿಗೆ ತುಂಬಿ SLOPE, INTERCEPT ಎಂಬೆರಡು ಸೂತ್ರಗಳಿಂದ ಚರ ದರ, ಸ್ಥಿರ ವೆಚ್ಚ ಎರಡನ್ನೂ ಇನ್ನೂ ಗಟ್ಟಿಯಾಗಿ ಪಡೆಯಬಹುದು, ಮೇ ರಿಪೇರಿಯಂಥ ವಿಶೇಷ ಖರ್ಚನ್ನು ಮೊದಲು ತೆಗೆದಿರಬೇಕು ಅಷ್ಟೆ. ಅಲ್ಲಿ ಯಾವ ತಿಂಗಳೂ ವ್ಯರ್ಥವಾಗುವುದಿಲ್ಲ.

ಕರೆಂಟು ಬಿಲ್ಲಿನಲ್ಲಿ ನಿಗದಿತ ಶುಲ್ಕವೂ ಯೂನಿಟ್ ದರವೂ ಬೇರೆಬೇರೆಯಾಗಿಯೇ ಅಚ್ಚಾಗಿರುತ್ತವೆ. ಬಿಲ್ಲು ಕೈಯಲ್ಲಿದ್ದರೆ ಅದನ್ನೇ ಓದಬೇಕು, ಅಂದಾಜು ಬೇಡ. ಇನ್ನು 1.50 ಮತ್ತು 25,000 ಎಂಬ ಜೋಡಿ ಸಲ್ಲುವುದು 12,000ದಿಂದ 28,000 ರೊಟ್ಟಿಯವರೆಗೆ ಮಾತ್ರ. 45,000 ರೊಟ್ಟಿಯ ಆರ್ಡರ್ ಬಂದರೆ ಇನ್ನೊಂದು ಯಂತ್ರ, ಇನ್ನೊಂದು ಕೋಣೆ, ತಿಂಗಳ ಸಂಬಳದ ಇನ್ನೊಬ್ಬರು ಬೇಕಾದೀತು. ಆಗ ಸ್ಥಿರ ವೆಚ್ಚವೇ ಒಂದು ಮೆಟ್ಟಿಲು ಮೇಲೇರುತ್ತದೆ. ಹಾಗೆಯೇ ಕೇಂದ್ರಕ್ಕೆ ಒಂದು ತಿಂಗಳು ಬೀಗ ಹಾಕಿದರೆ ಸರಿಯಾಗಿ 25,000 ಖರ್ಚಾಗುತ್ತದೆಂದು ಹೇಳುವ ಆಧಾರವೂ ಈ ಲೆಕ್ಕದಲ್ಲಿಲ್ಲ.